‘ಬಳಸಬೇಡಿ’ ಎಂಬ ಹೆಸರಿನ ಬಿಡುಗಡೆ

ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಇಳಿಸಿಕೊಂಡು, ಅದರ 5.12 ಆವೃತ್ತಿಯ ಮೊದಲ ಮೂರು ಪರೀಕ್ಷಾ ಬಿಡುಗಡೆಗಳ ಹೆಸರು ಕೇಳಿದರೆ ಇವತ್ತಿಗೂ ಬರುವ ಉತ್ತರ ಇದು:

```
$ git tag -l 'v5.12-rc[1-3]*'
v5.12-rc1-dontuse
v5.12-rc2
v5.12-rc3
```

ಮೊದಲನೆಯದರ ಬಾಲದಲ್ಲಿ ಇರುವುದು ‘ಬಳಸಬೇಡಿ’ ಎಂಬ ಮಾತು. 2021ರ ಮಾರ್ಚ್ ಮೊದಲ ವಾರದಲ್ಲಿ ಅಂಟಿಸಿದ ಈ ಎಚ್ಚರಿಕೆಯನ್ನು ಆಮೇಲೆ ಯಾರೂ ಕಿತ್ತಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ಪೋಸ್ಟ್‌ಮಾರ್ಟಮ್’ ಎಂದು ಕರೆಯುವ ಅವಘಡ ವರದಿಗಳನ್ನು ಬರೆದೂ ಓದಿಯೂ ವರ್ಷಗಳನ್ನು ಕಳೆದವನು ನಾನು. ಅಂಥ ವರದಿ ಹೇಗಿರಬೇಕು ಎಂದು ಹೊಸಬರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಬಾಲ, ಮತ್ತು ಅದನ್ನು ಅಂಟಿಸಿದ ದಿನ ಲಿನಸ್ ಟೊರ್ವಾಲ್ಡ್ಸ್ ಬರೆದ ಒಂದು ಟಿಪ್ಪಣಿ.

ಕರ್ನಲ್ ಎಂದರೆ ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಎಲ್ಲವನ್ನೂ ಹಂಚಿಕೊಡುವ ಮೂಲ ತಂತ್ರಾಂಶ. ಲಿನಕ್ಸ್ ಕರ್ನಲ್ ಬರೆಯುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಡಿಸ್ಕ್, ಮೆಮೊರಿ, ಗ್ರಾಫಿಕ್ಸ್ ಎಂದು ಒಂದೊಂದು ಭಾಗಕ್ಕೆ ಒಬ್ಬೊಬ್ಬ ಉಸ್ತುವಾರಿ. ಅವರೆಲ್ಲ ತಮ್ಮ ತಮ್ಮ ಬ್ರ್ಯಾಂಚ್‌ಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ, ಹಿಂದಿನ ಆವೃತ್ತಿ ಹೊರಬಿದ್ದ ಕೂಡಲೇ ತಮ್ಮ ಬದಲಾವಣೆಗಳನ್ನು ಟೊರ್ವಾಲ್ಡ್ಸ್‌ಗೆ ಕಳಿಸುತ್ತಾರೆ. ಅವರು ಅವನ್ನು ಒಂದೊಂದಾಗಿ ಮುಖ್ಯ ಶಾಖೆಗೆ ಸೇರಿಸುತ್ತಾರೆ. ಈ ಸೇರಿಸುವ ಕೆಲಸಕ್ಕೆ ಮರ್ಜ್ ಎಂದು ಹೆಸರು, ಅದು ನಡೆಯುವ ಎರಡು ವಾರಕ್ಕೆ ಮರ್ಜ್ ವಿಂಡೋ ಎಂದು ಹೆಸರು. ಆ ಎರಡು ವಾರದಲ್ಲಿ ಹತ್ತು ಸಾವಿರದ ಆಸುಪಾಸು ಬದಲಾವಣೆಗಳು ಒಳಗೆ ಬರುವುದು ಮಾಮೂಲು. ವಿಂಡೋ ಮುಚ್ಚಿದ ಭಾನುವಾರ ಮೊದಲ ಪರೀಕ್ಷಾ ಬಿಡುಗಡೆ, ಅಂದರೆ rc1, ಹೊರಬರುತ್ತದೆ. ಆಮೇಲೆ ವಾರಕ್ಕೊಂದರಂತೆ rc2, rc3 ಎಂದು ಏಳೋ ಎಂಟೋ ಆದ ಮೇಲೆ ಅಸಲಿ ಆವೃತ್ತಿ.

5.11 ಹೊರಬಂದದ್ದು 2021ರ ಫೆಬ್ರವರಿ 14ರಂದು. 5.12ರ ಮರ್ಜ್ ವಿಂಡೋ ತೆರೆದ ಹೊತ್ತಿಗೇ ಟೊರ್ವಾಲ್ಡ್ಸ್ ವಾಸವಿರುವ ಅಮೆರಿಕದ ಪೋರ್ಟ್‌ಲೆಂಡ್ ಕಡೆ ಹಿಮಗಾಳಿ ಬೀಸಿ, ಅವರ ಮನೆಗೆ ಆರು ದಿನ ಕರೆಂಟ್ ಇರಲಿಲ್ಲ. ಉಳಿದ ದಿನಗಳಲ್ಲಿ ಅವಸರದಿಂದ ಕೆಲಸ ಮುಗಿಸಿ ಫೆಬ್ರವರಿ 28ರ ಭಾನುವಾರ rc1 ಹೊರಡಿಸಿದರು. ಹೀಗಾಗಿ ಮುಂದೆ ಆದದ್ದಕ್ಕೆಲ್ಲ ಆ ಅವಸರವೇ ಕಾರಣ ಎಂದು ಬರೆದುಬಿಡುವುದು ಬಹಳ ಸುಲಭವಿತ್ತು. ಅದಕ್ಕೆ ಮತ್ತೆ ಬರುತ್ತೇನೆ.

ಒಳಗೆ ಬಂದ ಬದಲಾವಣೆಗಳ ರಾಶಿಯಲ್ಲಿ ಸ್ವ್ಯಾಪ್‌ಗೆ ಸಂಬಂಧಿಸಿದ ಒಂದು ಸಣ್ಣ ಸ್ವಚ್ಛತಾ ಕೆಲಸವೂ ಇತ್ತು. ಕಂಪ್ಯೂಟರಿನ ಮೆಮೊರಿ ತುಂಬಿದಾಗ ಕರ್ನಲ್ ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ಮರಳಿ ತರುತ್ತದೆ. ಒಂದು ಪುಟ ಎಂದರೆ 4,096 ಬೈಟ್. ಹೀಗೆ ಬರೆದಿಡುವ ಜಾಗ ಎರಡು ರೀತಿಯದು. ಡಿಸ್ಕಿನಲ್ಲಿ ಅದಕ್ಕೆಂದೇ ಬೇರೆ ಮಾಡಿದ ಪಾರ್ಟಿಷನ್ ಇರಬಹುದು, ಇಲ್ಲವೇ ನಮ್ಮ ಫೋಟೊ, ಪತ್ರ, ಲೆಕ್ಕಪತ್ರಗಳಿರುವ ಪಾರ್ಟಿಷನ್ನಿನಲ್ಲೇ ಒಂದು ದೊಡ್ಡ ಫೈಲ್ ಇರಬಹುದು. ಎರಡನೆಯದೇ ಸ್ವ್ಯಾಪ್ ಫೈಲ್.

ಪಾರ್ಟಿಷನ್ ಬೀದಿ, ಸ್ವ್ಯಾಪ್ ಫೈಲ್ ಆ ಬೀದಿಯ ನಡುವಿನ ಒಂದು ವಠಾರ ಎಂದುಕೊಳ್ಳಿ. ‘ವಠಾರದ ಮೂರನೇ ಮನೆಗೆ ಈ ಮೂಟೆ ಹಾಕಿ ಬಾ’ ಎಂದು ಹೇಳಿದರೆ, ಆಳು ಮೊದಲು ವಠಾರದ ಬಾಗಿಲು ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಮೂರು ಎಣಿಸಬೇಕು. ಬೀದಿಯ ತುದಿಯಿಂದಲೇ ಮೂರು ಎಣಿಸಿದರೆ ಮೂಟೆ ಯಾರದೋ ಮನೆಯಲ್ಲಿ ಬೀಳುತ್ತದೆ. 5.12-rc1ರಲ್ಲಿ ಆದದ್ದು ಇಷ್ಟೇ. ಪುಟವನ್ನು ಡಿಸ್ಕಿನ ಯಾವ ಸೆಕ್ಟರಿಗೆ ಬರೆಯಬೇಕು ಎಂದು ಲೆಕ್ಕ ಹಾಕುವ ಸಾಲು ಹೀಗಿತ್ತು:

```
return (sector_t)__page_file_index(page) << (PAGE_SHIFT - 9);
```

ಸೆಕ್ಟರ್ ಎಂದರೆ 512 ಬೈಟ್, ಪುಟಕ್ಕೆ ಎಂಟು ಸೆಕ್ಟರ್. ಸ್ವ್ಯಾಪಿನೊಳಗೆ ಪುಟದ ಕ್ರಮಸಂಖ್ಯೆ ಎಷ್ಟೋ ಅದನ್ನು ಎಂಟರಿಂದ ಗುಣಿಸಿ ಕೊಡುವುದಷ್ಟೇ ಈ ಸಾಲಿನ ಕೆಲಸ. ಸ್ವ್ಯಾಪಿಗೆ ಇಡೀ ಪಾರ್ಟಿಷನ್ ಮೀಸಲಿದ್ದರೆ ಈ ಲೆಕ್ಕ ಸರಿ, ಏಕೆಂದರೆ ಅಲ್ಲಿ ಬೀದಿಯೇ ವಠಾರ. ಫೈಲ್ ಆಗಿದ್ದರೆ ತಪ್ಪು. ಉದಾಹರಣೆಗೆ ಸ್ವ್ಯಾಪ್ ಫೈಲ್ ಪಾರ್ಟಿಷನ್ನಿನ 5,00,000ನೇ ಬ್ಲಾಕಿನಿಂದ ಶುರುವಾಗುತ್ತದೆ, ಈಗ ಅದರ 100ನೇ ಪುಟವನ್ನು ಬರೆಯಬೇಕು ಎನ್ನೋಣ. ಅದು ಸೇರಬೇಕಾದ್ದು 5,00,100ನೇ ಬ್ಲಾಕಿಗೆ, ಅಂದರೆ 40,00,800ನೇ ಸೆಕ್ಟರಿಗೆ. ಮೇಲಿನ ಸಾಲು ಕೊಡುವ ಉತ್ತರ 800. ಪಾರ್ಟಿಷನ್ನಿನ ತಲೆಯಿಂದ ಬರೀ 400 ಕಿಲೋಬೈಟ್ ದೂರ. ext4 ಎಂಬ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಆ ತಲೆಭಾಗದಲ್ಲಿ ಇರುವುದು ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಇದೆ ಎಂದು ಹೇಳುವ ಕೋಷ್ಟಕಗಳು. ಮನೆಯೆಲ್ಲ ಇದ್ದಂತೆಯೇ ಇದ್ದು ಖಾತೆ ಪುಸ್ತಕಕ್ಕೆ ಮಾತ್ರ ಮಸಿ ಸುರಿದಂತೆ.

ಇದರಲ್ಲಿ ನನ್ನನ್ನು ಹೆಚ್ಚು ಕಂಗೆಡಿಸುವುದು ಬೇರೆಯೇ ಒಂದು ಸಂಗತಿ. ಬರೆಯುವಾಗ ತಪ್ಪಿದ ಲೆಕ್ಕವೇ ಓದುವಾಗಲೂ ತಪ್ಪುತ್ತದೆ. ತಪ್ಪು ಮನೆಗೆ ಹಾಕಿದ ಮೂಟೆಯನ್ನು ಆಳು ಅದೇ ತಪ್ಪು ಮನೆಯಿಂದ ತೆಗೆದುಕೊಂಡು ಬಂದು ಕೊಡುತ್ತಾನೆ. ಹೀಗಾಗಿ ಸ್ವ್ಯಾಪ್‌ನಿಂದ ಮರಳಿದ ಪುಟ ಸರಿಯಾಗಿಯೇ ಇರುತ್ತದೆ, ಬ್ರೌಸರ್ ಸರಿಯಾಗಿಯೇ ನಡೆಯುತ್ತದೆ. ಕಡತ ವ್ಯವಸ್ಥೆಯೂ ತನ್ನ ಕೋಷ್ಟಕಗಳ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುವುದರಿಂದ ತಕ್ಷಣಕ್ಕೆ ದೂರುವುದಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಾಗ, ಕೋಷ್ಟಕವನ್ನು ಡಿಸ್ಕಿನಿಂದ ಹೊಸದಾಗಿ ಓದಬೇಕಾದಾಗ, ಅಲ್ಲಿ ಕಾಣುವುದು ನಿನ್ನೆ ತೆರೆದಿದ್ದ ಯಾವುದೋ ಪ್ರೋಗ್ರಾಮಿನ ಚೂರು. ಸ್ವ್ಯಾಪ್ ಫೈಲ್ ಕೆಲಸ ಮಾಡುತ್ತಿದೆಯೇ ಎಂದಷ್ಟೇ ಕೇಳುವ ಪರೀಕ್ಷೆಗೆ ಈ ದೋಷ ಸಿಕ್ಕುವುದೇ ಇಲ್ಲ. ಪಕ್ಕದಲ್ಲಿದ್ದದ್ದು ಹಾಳಾಗಿದೆಯೇ ಎಂದೂ ಕೇಳಬೇಕು.

ಆ ಸಾಲು ಆಗಷ್ಟೇ ಬರೆದದ್ದೂ ಅಲ್ಲ. ಅದು 2014ರಿಂದ ಕರ್ನಲ್‌ನಲ್ಲಿ ಇತ್ತು. ಆದರೆ ಪುಟವನ್ನು ನೇರವಾಗಿ ಒಪ್ಪಿಸಿಕೊಳ್ಳಬಲ್ಲ ಕೆಲವೇ ಬಗೆಯ ಸಾಧನಗಳಿಗಾಗಿ ಅದನ್ನು ಕರೆಯುತ್ತಿದ್ದರು. ಅಂಥ ಸಾಧನಗಳನ್ನು ಜನ ಇಡಿಯಾಗಿ ಸ್ವ್ಯಾಪಿಗೇ ಕೊಡುವುದು ರೂಢಿ, ಆದ್ದರಿಂದ ತಪ್ಪು ಮೇಲೆ ಬರಲಿಲ್ಲ. ಮಾಮೂಲಿ ಡಿಸ್ಕುಗಳ ಹಾದಿಯಲ್ಲಿ ವಠಾರದ ಬಾಗಿಲನ್ನು ಹುಡುಕುವ ಬೇರೆ ಲೆಕ್ಕವಿತ್ತು. 2021ರ ಸ್ವಚ್ಛತಾ ಕೆಲಸ ಆ ಎರಡನೇ ಲೆಕ್ಕವನ್ನು ತೆಗೆದು, ಎಲ್ಲರೂ ಮೊದಲನೆಯದನ್ನೇ ಬಳಸುವಂತೆ ಮಾಡಿತು. ಎರಡಕ್ಕೂ ಕೆಲಸ ಒಂದೇ ಎಂದು ಹೆಸರು ನೋಡಿದರೆ ಅನ್ನಿಸುತ್ತಿತ್ತು. ‘ಸ್ವ್ಯಾಪ್ ಪುಟದ ಸೆಕ್ಟರ್’ ಎಂಬ ಅರ್ಥದ ಹೆಸರಿನ ಫಂಕ್ಷನ್ ಸ್ವ್ಯಾಪ್ ಪುಟದ ಸೆಕ್ಟರನ್ನೇ ಕೊಡುತ್ತದೆ ಎಂದು ಯಾರು ತಾನೇ ನಂಬುವುದಿಲ್ಲ? ಪರಿಶೀಲಿಸುವವರ ಕಣ್ಣಿಗೆ ಕಂಡದ್ದು ಸಾಲುಗಳು ಕಡಿಮೆಯಾದದ್ದು, ಕೋಡ್ ಚೊಕ್ಕವಾದದ್ದು. ಮರ್ಜ್ ಮಾಡುವಾಗ ಗಿಟ್ ತಕರಾರು ತೆಗೆಯುವುದು ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆ ರೀತಿ ತಿದ್ದಿದಾಗ. ಇಲ್ಲಿ ಅಂಥ ಘರ್ಷಣೆಗೆ ಎಡೆಯೇ ಇರಲಿಲ್ಲ.

ದೋಷ ಮೇಲೆ ಬಂದದ್ದು ಇಂಟೆಲ್‌ನ ಗ್ರಾಫಿಕ್ಸ್ ತಂಡದ ಪರೀಕ್ಷಾ ಯಂತ್ರಗಳಿಂದ. ಹೊಸ ಕರ್ನಲ್ ಬಂದ ಹಾಗೆಲ್ಲ ತಾವಾಗಿಯೇ ಪರೀಕ್ಷೆ ನಡೆಸುವ ಆ ಯಂತ್ರಗಳಲ್ಲಿ ಸ್ವ್ಯಾಪ್ ಫೈಲ್ ಇತ್ತು, ಅವುಗಳ ಡಿಸ್ಕಿನಲ್ಲಿದ್ದದ್ದು ಹಾಳಾಗತೊಡಗಿತು. ಡಿಸ್ಕಿಗೆ ಬರೆಯುವ ಭಾಗದ ಉಸ್ತುವಾರಿ ಯೆನ್ಸ್ ಆಕ್ಸ್‌ಬೋ ಬರೆದ ತಿದ್ದುಪಡಿಗೆ ಮಾರ್ಚ್ 2ರ ತಾರೀಖಿದೆ. ಅದರ ಒಡಲು ಇಷ್ಟು:

```
offset = __page_file_index(page);
se = offset_to_swap_extent(sis, offset);
sector = se->start_block + (offset - se->start_page);
return sector << (PAGE_SHIFT - 9);
```

ಎರಡನೇ ಸಾಲು ವಠಾರದ ಬಾಗಿಲನ್ನು ಹುಡುಕುತ್ತದೆ, ಮೂರನೆಯದು ಅಲ್ಲಿಂದ ಎಣಿಸುತ್ತದೆ. ಒಂದೇ ಫೈಲ್ ಡಿಸ್ಕಿನಲ್ಲಿ ನಾಲ್ಕಾರು ತುಂಡಾಗಿ ಹರಡಿರಬಹುದು, ಆದ್ದರಿಂದ ಕೇಳಿದ ಪುಟ ಯಾವ ತುಂಡಿನಲ್ಲಿದೆ ಎಂದು ಮೊದಲು ತಿಳಿಯಬೇಕು. ಈ ತುಂಡುಗಳ ಪಟ್ಟಿ ಇರುವ ಕಡತಕ್ಕೇ ಫಂಕ್ಷನ್ನನ್ನೂ ಸಾಗಿಸಿದರು. ತಪ್ಪು 2014ರಷ್ಟು ಹಳೆಯದು ಎಂದು ತಿದ್ದುಪಡಿಯ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಮೊನ್ನೆ ಮೊನ್ನೆಯ ಸ್ವಚ್ಛತಾ ಕೆಲಸದತ್ತ ಬೆರಳು ತೋರಿಸಿ ಮುಗಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಮಾರ್ಚ್ 3ರಂದು ಟೊರ್ವಾಲ್ಡ್ಸ್ ಟಿಪ್ಪಣಿ ಕಳಿಸಿದರು. ನಾನು ಅವಘಡ ವರದಿ ಎನ್ನುತ್ತಿರುವುದು ಇದನ್ನೇ. ಕೋಷ್ಟಕವಿಲ್ಲ, ನಮೂನೆಯಿಲ್ಲ, ಓದಲು ಐದು ನಿಮಿಷ ಸಾಕು. ಏನಾಯಿತು, ಯಾರಿಗೆ ತಗಲುತ್ತದೆ, ತಗಲಿದರೆ ಎಷ್ಟು ಕೆಟ್ಟದಾಗಿ ತಗಲುತ್ತದೆ ಎಂದು ಮೊದಲು ಹೇಳುತ್ತಾರೆ. ಆಮೇಲೆ ಸಂಬಂಧಪಟ್ಟ ಡೆವಲಪರ್‌ಗಳನ್ನು ತಾನು ದೂರುವುದಿಲ್ಲ ಎಂದೂ, ಮರ್ಜ್ ವಿಂಡೋದ ವಿಚಿತ್ರ ಸಮಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ನೇರವಾಗಿ ಬರೆಯುತ್ತಾರೆ. ಕೈಗೆ ಸಿಕ್ಕಿದ್ದ ಒಂದು ಒಳ್ಳೆಯ ನೆಪವನ್ನು ಅವರು ಕೈಬಿಟ್ಟರು. ಆರು ದಿನ ಕರೆಂಟ್ ಇಲ್ಲದಿದ್ದುದು ನಿಜ, ಅವಸರವೂ ನಿಜ. ಆದರೆ ಕರೆಂಟ್ ಇದ್ದಿದ್ದರೂ ಈ ಸಾಲು ಹೀಗೆಯೇ ಒಳಗೆ ಬರುತ್ತಿತ್ತು. ನಾನು ಕೆಲಸ ಮಾಡಿದ ಒಂದು ಕಚೇರಿಯ ವರದಿ ನಮೂನೆಯಲ್ಲಿ ‘ಮೂಲ ಕಾರಣ’ ಎಂಬ ಅಂಕಣವಿತ್ತು. ಅಲ್ಲಿ ‘ಕೊನೆಯ ಗಳಿಗೆಯ ಒತ್ತಡ’ ಎಂದು ನಾನೇ ಎಷ್ಟೋ ಸಲ ತುಂಬಿದ್ದೇನೆ, ಒಮ್ಮೆಯೂ ಅದರಿಂದ ಏನೂ ಬದಲಾಗಲಿಲ್ಲ. ಸುಳ್ಳು ಕಾರಣವನ್ನು ತಿದ್ದಿದರೆ ನಿಜವಾದ ಕಾರಣ ಅಲ್ಲೇ ಕೂತಿರುತ್ತದೆ.

ತಿದ್ದುಪಡಿ ಆಗಲೇ ಮುಖ್ಯ ಶಾಖೆಯಲ್ಲಿ ಸೇರಿತ್ತು. ಹಾಗಾದರೆ ಬಿಡುಗಡೆಯ ಹೆಸರನ್ನೇ ಯಾಕೆ ಬದಲಿಸಬೇಕು? ಈ ಟಿಪ್ಪಣಿಯ ತಿರುಳು ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

ಗಿಟ್‌ನಲ್ಲಿ ಇತಿಹಾಸ ಅಳಿಯುವುದಿಲ್ಲ. ದೋಷ ಸೇರಿದ ಬದಲಾವಣೆಗೂ ತಿದ್ದುಪಡಿ ಬಂದ ಬದಲಾವಣೆಗೂ ನಡುವಿನ ಪ್ರತಿಯೊಂದು ಮೆಟ್ಟಿಲಿನಲ್ಲೂ ಆ ತಪ್ಪು ಲೆಕ್ಕ ಶಾಶ್ವತವಾಗಿ ಉಳಿದಿರುತ್ತದೆ. ಹಳೆಯ ಮೆಟ್ಟಿಲುಗಳಿಗೆ ಯಾರೂ ಹೋಗುವುದಿಲ್ಲ ಎನ್ನುವಂತಿಲ್ಲ. ಕರ್ನಲ್ ಕೆಲಸದವರು ದೋಷ ಹುಡುಕುವ ಮುಖ್ಯ ಉಪಾಯಗಳಲ್ಲಿ ಒಂದು `git bisect`. ಹಿಂದಿನ ಆವೃತ್ತಿಯಲ್ಲಿ ಧ್ವನಿ ಬರುತ್ತಿತ್ತು, ಹೊಸದರಲ್ಲಿ ಬರುತ್ತಿಲ್ಲ ಎನ್ನೋಣ. ನಡುವೆ ಹತ್ತು ಸಾವಿರ ಬದಲಾವಣೆಗಳಿವೆ. ಗಿಟ್ ಸರಿಸುಮಾರು ನಟ್ಟನಡುವಿನದನ್ನು ಆರಿಸಿ ಕೊಡುತ್ತದೆ, ಆ ಕರ್ನಲ್ ಕಟ್ಟಿ, ಕಂಪ್ಯೂಟರನ್ನು ಅದರಲ್ಲೇ ಹಚ್ಚಿ ನೋಡಬೇಕು. ಧ್ವನಿ ಬಂದರೆ ತಪ್ಪು ಮೇಲಿನ ಅರ್ಧದಲ್ಲಿದೆ, ಬರದಿದ್ದರೆ ಕೆಳಗಿನ ಅರ್ಧದಲ್ಲಿದೆ. ಹೀಗೆ ಹದಿಮೂರು ಹದಿನಾಲ್ಕು ಸಲ ಅರ್ಧ ಮಾಡಿದರೆ ತಪ್ಪು ಮಾಡಿದ ಒಂದು ಬದಲಾವಣೆ ಸಿಕ್ಕಿಬೀಳುತ್ತದೆ. ಎರಡು ವರ್ಷದ ನಂತರ ಧ್ವನಿಯ ದೋಷ ಹುಡುಕುತ್ತಾ ಹೊರಟವರೊಬ್ಬರನ್ನು ಗಿಟ್ ಈ ಕೆಟ್ಟ ಮೆಟ್ಟಿಲಿನ ಮೇಲೆ ತಂದು ನಿಲ್ಲಿಸಬಹುದು. ಅವರ ಯಂತ್ರದಲ್ಲಿ ಸ್ವ್ಯಾಪ್ ಫೈಲ್ ಇದ್ದು ಮೆಮೊರಿ ತುಂಬಿದರೆ, ಧ್ವನಿ ಹುಡುಕಲು ಹೋಗಿ ಡಿಸ್ಕ್ ಕಳೆದುಕೊಳ್ಳುತ್ತಾರೆ.

ಮುಖ್ಯ ಶಾಖೆಯಲ್ಲಿ ಈ ಅಪಾಯದ ಹರವನ್ನು ಇನ್ನು ಕುಗ್ಗಿಸಲಾಗದು. ಹಿಗ್ಗದಂತೆ ತಡೆಯಬಹುದು. ಹಲವು ಡೆವಲಪರ್‌ಗಳು rc1 ಬಂದ ಕೂಡಲೇ ಅದನ್ನು ಬುನಾದಿಯಾಗಿಟ್ಟುಕೊಂಡು ಮುಂದಿನ ಆವೃತ್ತಿಯ ಬ್ರ್ಯಾಂಚ್ ಶುರು ಮಾಡುತ್ತಾರೆ. ಹಾಗೆ ಶುರುವಾದ ಬ್ರ್ಯಾಂಚಿಗೆ ತಿದ್ದುಪಡಿ ತಾನಾಗಿ ಬರುವುದಿಲ್ಲ. ಅದರ ಮೇಲೆ ಕಟ್ಟಿದ ನೂರು ಬದಲಾವಣೆಗಳಲ್ಲಿ ನೂರರಲ್ಲೂ ತಪ್ಪು ಲೆಕ್ಕ ಉಳಿದಿರುತ್ತದೆ. ಆ ಬ್ರ್ಯಾಂಚ್ ಮುಂದಿನ ಮರ್ಜ್ ವಿಂಡೋದಲ್ಲಿ ಮುಖ್ಯ ಶಾಖೆಗೆ ಸೇರಿದಾಗ, ಇತಿಹಾಸದಲ್ಲಿ ಅಪಾಯದ ಮೆಟ್ಟಿಲುಗಳು ನೂರು ಹೆಚ್ಚಾಗುತ್ತವೆ. ಬರೆದವರ ಯಂತ್ರದಲ್ಲಿ ಸ್ವ್ಯಾಪ್ ಪಾರ್ಟಿಷನ್ ಇದ್ದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ, ನೋವು ಮುಂದೆಂದೋ ಆ ಹಾದಿಯಲ್ಲಿ ಬರುವವರಿಗೆ. ಅದಕ್ಕೇ ಟೊರ್ವಾಲ್ಡ್ಸ್ ತಮಗೆ ತೊಂದರೆ ಇಲ್ಲದವರೂ ಈ ಬಿಡುಗಡೆಯ ಮೇಲೆ ಹೊಸ ಬ್ರ್ಯಾಂಚ್ ಕಟ್ಟಬಾರದು ಎಂದು ಬರೆದರು. ಮರ್ಜ್ ವಿಂಡೋದ ನಡುವಿನ ಯಾವುದೋ ಒಂದು ಬಿಂದುವಿನಿಂದ ಕೆಲಸ ಶುರು ಮಾಡುವ ಅಭ್ಯಾಸವನ್ನೂ ಬಿಡಿ ಎಂದರು.

ಕರ್ನಲ್ ದಾಖಲೆಗಳಲ್ಲಿ ಇಂಥದೊಂದು ನಿಯಮ ಮೊದಲೇ ಇತ್ತು. ಸಿಕ್ಕ ಜಾಗದಿಂದ ಬ್ರ್ಯಾಂಚ್ ತೆಗೆಯಬೇಡಿ, ಎಲ್ಲರಿಗೂ ಗೊತ್ತಿರುವ rc ಬಿಂದುವಿನಿಂದ ತೆಗೆಯಿರಿ ಎಂಬುದು ಅದರ ತಾತ್ಪರ್ಯ. ನಿಯಮ ಪಾಲಿಸಿದವರು ಹೋಗಿ ನಿಲ್ಲುತ್ತಿದ್ದದ್ದೇ ಈ rc1ರ ಮೇಲೆ. ಆದ್ದರಿಂದ ನಿಯಮವನ್ನು ನೆನಪಿಸಿದರೆ ಸಾಲುತ್ತಿರಲಿಲ್ಲ, ಆ ಬಿಂದುವಿನ ಮೇಲೆಯೇ ಫಲಕ ನೆಡಬೇಕಿತ್ತು. ಬಿಡುಗಡೆಯ ಟ್ಯಾಗ್ ಎಂದರೆ ಟೊರ್ವಾಲ್ಡ್ಸ್ ತಮ್ಮ ಡಿಜಿಟಲ್ ಸಹಿ ಹಾಕಿದ ಮುದ್ರೆ. ಅದರ ಒಳಗಿನ ಬರಹವನ್ನು ಬದಲಿಸಿದರೆ ಸಹಿ ಮುರಿಯುತ್ತದೆ. ಅವರು ಮುದ್ರೆಯನ್ನು ಮುಟ್ಟಲಿಲ್ಲ, ಅದನ್ನು ಕರೆಯುವ ಹೊರಗಿನ ಹೆಸರನ್ನಷ್ಟೇ ಬದಲಿಸಿದರು. ಒಳಗೆ ಇನ್ನೂ v5.12-rc1 ಎಂದೇ ಇದೆ. ಅಭ್ಯಾಸಬಲದಿಂದ ಹಳೆಯ ಹೆಸರು ಬೆರಳಚ್ಚಿಸಿದವರಿಗೆ ಅಂಥ ಟ್ಯಾಗ್ ಇಲ್ಲ ಎಂಬ ಉತ್ತರ ಬರುತ್ತದೆ. ಹೊಸ ಹೆಸರು ಬಳಸಬೇಕಾದರೆ ‘ಬಳಸಬೇಡಿ’ ಎಂಬುದನ್ನು ತಾವೇ ಬೆರಳಚ್ಚಿಸಬೇಕು. ಟಿಪ್ಪಣಿ ಓದದವರನ್ನೂ ಮುಟ್ಟುವ ಎಚ್ಚರಿಕೆ ಇದು.

ಇದಕ್ಕೂ ಒಂದು ಮಿತಿ ಇದೆ. ಮೂರು ದಿನದೊಳಗೆ ಹಳೆಯ ಟ್ಯಾಗನ್ನು ಇಳಿಸಿಕೊಂಡಿದ್ದವರ ಯಂತ್ರದಲ್ಲಿ ಹಳೆಯ ಹೆಸರು ಹಾಗೆಯೇ ಉಳಿದಿರುತ್ತದೆ. ಮೂಲದಲ್ಲಿ ಟ್ಯಾಗ್ ಅಳಿದರೆ ಗಿಟ್ ಅದನ್ನು ನಮ್ಮಲ್ಲಿ ತಾನಾಗಿ ಅಳಿಸುವುದಿಲ್ಲ. ಅಂಥವರು ತಾವೇ ಅಳಿಸಿಕೊಳ್ಳಬೇಕಿತ್ತು:

```
git tag -d v5.12-rc1
```

ಟಿಪ್ಪಣಿಯಲ್ಲಿ ನಾನು ಒಪ್ಪದ ಒಂದು ಮಾತೂ ಇದೆ. ಮಾಮೂಲಿ ಲಿನಕ್ಸ್ ವಿತರಣೆಗಳೆಲ್ಲ ಸ್ವ್ಯಾಪ್ ಪಾರ್ಟಿಷನ್ನನ್ನೇ ಮಾಡಿಕೊಡುತ್ತವೆ, ತನಗೆ ತಿಳಿದ ಮಟ್ಟಿಗೆ, ಎಂದು ಟೊರ್ವಾಲ್ಡ್ಸ್ ಬರೆದಿದ್ದರು. ಉಬುಂಟು 2017ರ 17.04 ಆವೃತ್ತಿಯಿಂದಲೇ ಹೊಸದಾಗಿ ಹಾಕುವ ಯಂತ್ರಗಳಿಗೆ ಸ್ವ್ಯಾಪ್ ಫೈಲನ್ನು ಕೊಡುತ್ತಿತ್ತು. ಉಬುಂಟು ಬಳಸುವ ಸಾಮಾನ್ಯರು ಪರೀಕ್ಷಾ ಕರ್ನಲ್ ಹಾಕಿಕೊಳ್ಳುವುದಿಲ್ಲ ನಿಜ, ಆದರೆ ಉಬುಂಟು ಯಂತ್ರದಲ್ಲಿ ಕರ್ನಲ್ ಕಟ್ಟುವ ಡೆವಲಪರ್‌ಗಳು ಇದ್ದೇ ಇರುತ್ತಾರೆ. ಯಾರಿಗೆ ತಗಲುತ್ತದೆ ಎಂದು ಬರೆಯುವಾಗ ನಮ್ಮ ಮೇಜಿನ ಮೇಲಿನ ಯಂತ್ರವನ್ನೇ ಜಗತ್ತು ಎಂದುಕೊಳ್ಳುವುದು ಎಲ್ಲ ವರದಿಗಾರರಿಗೂ ಬರುವ ದೋಷ, ನನಗೂ ಬಂದದ್ದುಂಟು. ಸ್ವ್ಯಾಪ್ ಫೈಲ್ ಅಪರೂಪ ಎಂಬ ಇದೇ ನಂಬಿಕೆಯಿಂದ ತಾನೇ ಆ ಹಾದಿಯನ್ನು ಪರೀಕ್ಷಿಸುವವರು ಕಡಿಮೆಯಾದದ್ದು! ಲಿನಕ್ಸ್ ಬಳಸುವ ಓದುಗರು ತಮ್ಮದು ಯಾವುದು ಎಂದು `swapon --show` ಎಂದು ಬೆರಳಚ್ಚಿಸಿ ನೋಡಬಹುದು. `TYPE` ಎಂಬ ಅಂಕಣದಲ್ಲಿ `file` ಅಥವಾ `partition` ಎಂದು ಬರುತ್ತದೆ.

rc2 ಎಂದಿನಂತೆ ಮಾರ್ಚ್ 7ರ ಭಾನುವಾರದವರೆಗೆ ಕಾಯಲಿಲ್ಲ, ಎರಡು ದಿನ ಮುಂಚೆ ಶುಕ್ರವಾರವೇ ಹೊರಬಂತು. ಹೊಸ ಬ್ರ್ಯಾಂಚ್ ಶುರು ಮಾಡಲು ಕಾಯುತ್ತಿದ್ದವರಿಗೆ ಒಳ್ಳೆಯ ಬುನಾದಿ ಬೇಗ ಸಿಗಲಿ ಎಂಬುದು ಉದ್ದೇಶ. ‘ಅದರ ಮೇಲೆ ಕಟ್ಟಬೇಡಿ’ ಎಂದಷ್ಟೇ ಹೇಳಿ ಜನರನ್ನು ಕಾಯಿಸಿದ್ದರೆ ಅವರಲ್ಲಿ ಕೆಲವರಾದರೂ ಅದರ ಮೇಲೆಯೇ ಕಟ್ಟುತ್ತಿದ್ದರು. 5.12 ಪೂರ್ಣ ಆವೃತ್ತಿ ಏಪ್ರಿಲ್ 25ರಂದು ಬಂತು, ಸರಿಯಾದ ಲೆಕ್ಕದೊಂದಿಗೆ. ಟ್ಯಾಗಿನ ಬಾಲ ಮಾತ್ರ ಹಾಗೆಯೇ ಇದೆ, ಏಕೆಂದರೆ ಅದರ ಹಿಂದಿನ ಮೆಟ್ಟಿಲುಗಳೂ ಹಾಗೆಯೇ ಇವೆ, ಮತ್ತು ಯಾರಾದರೊಬ್ಬರು ಯಾವುದೋ ದೋಷ ಹುಡುಕುತ್ತಾ ಇವತ್ತು ರಾತ್ರಿಯೂ ಅಲ್ಲಿಗೆ ಬಂದು ನಿಲ್ಲಬಹುದು.